‘ಪರವಾಗಿಲ್ಲ’ ಎನ್ನುವ ಪೋಷಕರು ಮತ್ತು ಖಾಲಿ ಉಳಿದ ಹದಿನಾರು ಸೀಟು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ಮಂಗಳೂರಿನ ಪಂಪ್‌ವೆಲ್‌ನಿಂದ ಉಡುಪಿಯವರೆಗೆ ಹೆದ್ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಎರಡೂ ಬದಿಯಲ್ಲಿ ಮಕ್ಕಳ ಮುಖಗಳ ಸಾಲು, ಕೆಳಗೆ ದಪ್ಪ ಅಕ್ಷರದಲ್ಲಿ ಶೇಕಡಾವಾರು ಅಂಕ. ಬೇರೆ ಊರಿನಲ್ಲಾದರೆ ಇಂಥ ಫ್ಲೆಕ್ಸ್ ಏನಾದರೂ ಹೇಳೀತು. ನಮ್ಮಲ್ಲಿ ಅದು ಏನನ್ನೂ ಹೇಳುವುದಿಲ್ಲ. 2024ರಲ್ಲಿ ಶೇ. 94 ಫಲಿತಾಂಶ ಪಡೆದು ಉಡುಪಿ ಜಿಲ್ಲೆ ರಾಜ್ಯಕ್ಕೆ ಮೊದಲನೆಯದಾಯಿತು, ದಕ್ಷಿಣ ಕನ್ನಡ ಶೇ. 92.12ರೊಂದಿಗೆ ಎರಡನೆಯದು. ಮರುವರ್ಷ ಸ್ಥಾನ ಅದಲುಬದಲಾಯಿತು ಅಷ್ಟೆ. ಎಲ್ಲರ ಮನೆಯಲ್ಲೂ ತೆಂಗಿನಮರವಿರುವ ಊರಿನಲ್ಲಿ ‘ನಮ್ಮಲ್ಲಿ ತೆಂಗಿನಮರವಿದೆ’ ಎಂದು ಬೋರ್ಡು ಹಾಕಿದರೆ ಯಾರು ನಿಂತು ಓದುತ್ತಾರೆ?

ಅದಲ್ಲದೆ, ಎಲ್‌ಕೆಜಿಗೆ ಮಗುವನ್ನು ಸೇರಿಸಲು ಹೊರಟ ತಾಯಿಗೆ ಎಸ್‌ಎಸ್‌ಎಲ್‌ಸಿ ಇನ್ನೂ ಹನ್ನೆರಡು ವರ್ಷ ದೂರವಿದೆ. ಅವಳ ತಲೆಯಲ್ಲಿರುವ ಪ್ರಶ್ನೆಗಳು ಬೇರೆ. ಮಗು ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ? ಚಡ್ಡಿ ಒದ್ದೆಯಾದರೆ ಯಾರು ಬದಲಿಸುತ್ತಾರೆ? ವ್ಯಾನಿನಲ್ಲಿ ದೊಡ್ಡ ಮಕ್ಕಳು ದೂಡುತ್ತಾರೆಯೇ? ಜೂನ್ ತಿಂಗಳಲ್ಲಿ ಹೇಳಿದ ಶುಲ್ಕದ ಮೇಲೆ ಡಿಸೆಂಬರಿನಲ್ಲಿ ಇನ್ನೇನು ಸೇರುತ್ತದೆ? ಇವಕ್ಕೆ ಉತ್ತರ ಯಾವ ಫ್ಲೆಕ್ಸಿನಲ್ಲೂ ಇರುವುದಿಲ್ಲ. ಉತ್ತರ ಇರುವುದು ಪಕ್ಕದ ಮನೆಯವಳ ಬಳಿ, ಅವಳ ಮಗು ಈಗಾಗಲೇ ಅಲ್ಲಿಗೆ ಹೋಗುತ್ತಿದ್ದರೆ.

ಬಾಯಿಮಾತಿನ ಪ್ರಚಾರ ಎಂದು ನಾವು ಕರೆಯುವುದು ಆ ಒಂದು ಪ್ರಶ್ನೆ ಮತ್ತು ಅದಕ್ಕೆ ಬರುವ ಒಂದು ಉತ್ತರವನ್ನು. ‘ನಿಮ್ಮ ಮಗು ಅಲ್ಲಿ ಹೇಗಿದೆ?’ ಎಂದು ಒಬ್ಬರು ಕೇಳುತ್ತಾರೆ. ಕರಾವಳಿಯಲ್ಲಿ ಇದಕ್ಕೆ ಬರುವ ಅತಿ ಸಾಮಾನ್ಯ ಉತ್ತರ ‘ಪರವಾಗಿಲ್ಲ’. ತುಳುವಿನಲ್ಲಿ ‘ಅಡ್ಡಿ ಇಜ್ಜಿ’, ಕುಂದಾಪುರದ ಕಡೆ ‘ಅಡ್ಡಿಲ್ಲೆ’. ಹೊರಗಿನವರು ಇದನ್ನು ಹೊಗಳಿಕೆ ಎಂದುಕೊಳ್ಳಬಹುದು. ನಮ್ಮವರಿಗೆ ಗೊತ್ತು, ಇದು ಬಾಗಿಲನ್ನು ಮೆಲ್ಲಗೆ ಹಾಕಿಕೊಳ್ಳುವ ಮಾತು. ಕೇಳಿದವಳು ತಲೆಯಾಡಿಸಿ ಮನೆಗೆ ಹೋಗಿ ಗಂಡನಿಗೆ ಬೇರೆ ಶಾಲೆಯ ಹೆಸರು ಹೇಳುತ್ತಾಳೆ. ದಾಖಲಾತಿ ಹಂಗಾಮಿನ ಕೆಲಸವೆಲ್ಲ ಈ ‘ಪರವಾಗಿಲ್ಲ’ ಎಂಬ ಮಾತಿನ ಸುತ್ತ ಇದೆ ಎಂಬುದು ಶಾಲಾ ಕಚೇರಿಯ ಕಿಟಕಿಯ ಒಳಗೆ ವರ್ಷಗಟ್ಟಲೆ ಕುಳಿತ ನನ್ನ ಅನುಭವ. ಅದನ್ನು ಲೆಕ್ಕ ಹಾಕಿ ಯೋಜಿಸುವುದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಕಳೆದ ವರ್ಷದ ಪುಸ್ತಕ

ಲೆಕ್ಕಕ್ಕಾಗಿ ಉಡುಪಿ ಹತ್ತಿರದ ಕಟಪಾಡಿ ಆಸುಪಾಸಿನ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳೂ ಕಲ್ಪಿತವೇ, ಆದರೆ ಪ್ರಮಾಣ ನಾನು ಕಂಡದ್ದಕ್ಕೆ ಹತ್ತಿರವಿದೆ. ಎಲ್‌ಕೆಜಿಯಲ್ಲಿ ಎರಡು ವಿಭಾಗ, ಒಂದೊಂದರಲ್ಲಿ 30ರಂತೆ 60 ಸೀಟು. ಕಳೆದ ಜೂನ್‌ನಲ್ಲಿ ತುಂಬಿದ್ದು 44. ಹದಿನಾರು ಕುರ್ಚಿ ಖಾಲಿ. ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬರು ‘ಫ್ಲೆಕ್ಸ್ ಸಾಲಲಿಲ್ಲ, ಈ ಸಲ ಎರಡರಷ್ಟು ಹಾಕಿಸೋಣ’ ಎನ್ನುತ್ತಾರೆ. ಉಳಿದವರು ಚಹಾ ಕುಡಿಯುತ್ತಾ ಒಪ್ಪುತ್ತಾರೆ.

ಒಪ್ಪುವ ಮೊದಲು ವಿಚಾರಣಾ ಪುಸ್ತಕವನ್ನು ತೆರೆಯಬೇಕು. ಸೇರಿದ 44ರಲ್ಲಿ 14 ಮಕ್ಕಳು ಅಲ್ಲೇ ಓದುತ್ತಿರುವವರ ತಮ್ಮ ತಂಗಿಯರು. ಅವರು ಹೇಗಿದ್ದರೂ ಬರುತ್ತಿದ್ದರು, ಅವರನ್ನು ಬದಿಗಿಡಿ. ಉಳಿದ 30 ಮಕ್ಕಳಿಗಾಗಿ ವಿಚಾರಿಸಲು ಬಂದ ಮನೆಗಳು 96. ಅದರಲ್ಲಿ 52 ಮನೆಯವರು ಫ್ಲೆಕ್ಸ್, ಕರಪತ್ರ, ಮೊಬೈಲ್ ಜಾಹೀರಾತು ನೋಡಿ ಬಂದವರು. ಅವರಲ್ಲಿ ಮಗುವನ್ನು ಸೇರಿಸಿದವರು 8. ಅಲ್ಲಿನ ಪೋಷಕರ ಮಾತು ಕೇಳಿ ಬಂದವರು 34, ಸೇರಿಸಿದವರು 18. ಉಳಿದ 10 ಮನೆಗಳು ಶಿಕ್ಷಕರ ಪರಿಚಯ, ಚರ್ಚು, ಭಜನಾ ಮಂದಿರ ಎಂದು ಬೇರೆ ಬೇರೆ ದಾರಿಯಲ್ಲಿ ಬಂದವು, ಅವುಗಳಿಂದ ನಾಲ್ಕು ಮಕ್ಕಳು.

ಈಗ ಆ ಖಾಲಿ ಹದಿನಾರನ್ನು ತುಂಬುವುದನ್ನು ಯೋಚಿಸಿ. ಫ್ಲೆಕ್ಸ್ ದಾರಿಯಲ್ಲಿ ಹೋದರೆ ಆರೂವರೆ ಮನೆಗೆ ಒಂದು ಮಗು. ಅಂದರೆ ಇನ್ನೂ ನೂರಕ್ಕಿಂತ ಹೆಚ್ಚು ಮನೆಯವರು ಬಂದು ಕಚೇರಿಯ ಮುಂದೆ ನಿಲ್ಲಬೇಕು. ಕಟಪಾಡಿ, ಉದ್ಯಾವರ, ಕುರ್ಕಾಲು ಎಲ್ಲ ಸೇರಿದರೂ ಆ ವಯಸ್ಸಿನ ಮಕ್ಕಳಿರುವ, ಇನ್ನೂ ಶಾಲೆ ನಿಶ್ಚಯಿಸದ ಅಷ್ಟೊಂದು ಹೊಸ ಮನೆಗಳು ಎಲ್ಲಿಂದ ಬರಬೇಕು? ಪೋಷಕರ ಮಾತಿನ ದಾರಿಯಲ್ಲಿ ಎರಡು ಮನೆಗೆ ಒಂದು ಮಗು, ಮೂವತ್ತು ಹೆಚ್ಚುವರಿ ಮನೆ ಸಾಕು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪಕ್ಕದ ಮನೆಯವಳ ಮಾತು ಕೇಳಿ ಬಂದವರು ಬರುವಾಗಲೇ ಅರ್ಧ ಮನಸ್ಸು ಮಾಡಿರುತ್ತಾರೆ, ಅದಕ್ಕೇ ಆ ದಾರಿಯ ಅಂಕಿ ಅಷ್ಟು ಚೆನ್ನಾಗಿ ಕಾಣುತ್ತದೆ. ಸಂಖ್ಯೆ ಹೆಚ್ಚಿಸಲು ಹೋದಾಗ ಮನಸ್ಸು ಮಾಡದವರೂ ಬರುತ್ತಾರೆ, ಪ್ರಮಾಣ ಇಳಿಯುತ್ತದೆ. ಆದ್ದರಿಂದ ಯೋಜನೆಯಲ್ಲಿ ನೂರಕ್ಕೆ ಐವತ್ಮೂರು ಎಂದು ಬರೆಯದೆ ನಲವತ್ತೈದು ಎಂದೇ ಬರೆದುಕೊಳ್ಳಿ.

ಇನ್ನೊಂದು, ಈ ಅಂಕಿಗಳೆಲ್ಲ ಪುಸ್ತಕದಲ್ಲಿ ಸರಿಯಾಗಿ ಬರೆದಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತವೆ. ಹೆಚ್ಚಿನ ಶಾಲೆಗಳ ಪುಸ್ತಕದಲ್ಲಿ ‘ಹೇಗೆ ತಿಳಿಯಿತು’ ಎಂಬ ಒಂದು ಕಲಮು ಇರುತ್ತದೆ. ಆ ಪ್ರಶ್ನೆಗೆ ಜನ ತಟ್ಟನೆ ನೆನಪಾದುದನ್ನು ಹೇಳುತ್ತಾರೆ, ಗೇಟಿನ ಹತ್ತಿರವೇ ಫ್ಲೆಕ್ಸ್ ಇದ್ದರೆ ‘ಫ್ಲೆಕ್ಸ್ ನೋಡಿ’ ಎನ್ನುತ್ತಾರೆ. ಆ ಕಲಮನ್ನು ತೆಗೆದು ಎರಡು ಪ್ರಶ್ನೆ ಬರೆಯಿರಿ: ‘ಬರುವ ಮೊದಲು ಯಾರನ್ನು ಕೇಳಿದಿರಿ?’ ಮತ್ತು ‘ಅವರು ಏನೆಂದರು?’ ಎರಡನೆಯದನ್ನು ಅವರದೇ ಮಾತಿನಲ್ಲಿ ಬರೆಯಬೇಕು. ‘ಒಳ್ಳೆಯ ಅಭಿಪ್ರಾಯ’ ಎಂದು ನಮ್ಮ ಮಾತಿನಲ್ಲಿ ಬರೆದರೆ ಅದು ಸತ್ತ ಕಾಗದ. ‘ಅಲ್ಲಿ ಟೀಚರ್ ಮಗುವಿನ ಹೆಸರು ಹಿಡಿದು ಮಾತಾಡುತ್ತಾರೆ ಎಂದು ನಾದಿನಿ ಹೇಳಿದಳು’ ಎಂದು ಬರೆದರೆ, ಮುಂದಿನ ವರ್ಷ ಏನನ್ನು ಕಾಪಾಡಿಕೊಳ್ಳಬೇಕು ಎಂಬುದು ಆ ಸಾಲಿನಲ್ಲೇ ಇದೆ.

ಹದಿನೈದು ಮನೆ ಮಾತಾಡಿದವು, ಉಳಿದವು?

ಆ ಮೊದಲ ಪ್ರಶ್ನೆಗೆ ಬಂದ ಹೆಸರುಗಳನ್ನು ಒಂದು ಹಾಳೆಯಲ್ಲಿ ಕೂಡಿಸಿದರೆ ಒಂದು ವಿಚಿತ್ರ ಕಾಣುತ್ತದೆ. ನಮ್ಮ ಕಲ್ಪಿತ ಶಾಲೆಯಲ್ಲಿ ಎಲ್‌ಕೆಜಿಯಿಂದ ಎರಡನೇ ತರಗತಿಯವರೆಗೆ ಸುಮಾರು 180 ಮನೆಗಳ ಮಕ್ಕಳಿದ್ದಾರೆ ಎನ್ನೋಣ. ಚಿಕ್ಕ ಮಕ್ಕಳ ವಿಷಯದಲ್ಲಿ ಜನ ಕೇಳುವುದು ಇವರನ್ನೇ, ಒಂಬತ್ತನೇ ತರಗತಿಯ ಹುಡುಗನ ತಂದೆಯನ್ನಲ್ಲ. ಆ 34 ವಿಚಾರಣೆಗಳನ್ನು ಕಳುಹಿಸಿದ್ದು ಇವರಲ್ಲಿ ಹದಿನೈದು ಮನೆಗಳು ಮಾತ್ರ. ಒಂದೆರಡು ಮನೆಯವರು ನಾಲ್ಕೈದು ಜನರನ್ನು ಕಳುಹಿಸಿರುತ್ತಾರೆ, ಅಂಥವರು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಉಳಿದ 165 ಮನೆಗಳಿಂದ ಒಬ್ಬರೂ ಇಲ್ಲ.

ಸಾಮಾನ್ಯವಾಗಿ ಶಾಲೆಗಳು ಇಲ್ಲಿ ಎಡವುತ್ತವೆ. ಮಾತಾಡುವ ಹದಿನೈದು ಮನೆಯವರನ್ನೇ ಇನ್ನಷ್ಟು ಮಾತಾಡಿ ಎಂದು ಒತ್ತಾಯಿಸುತ್ತವೆ. ಅವರ ಬಂಧು ಬಳಗವೆಲ್ಲ ಆಗಲೇ ಮುಗಿದಿರುತ್ತದೆ. ನಮಗೆ ಬೇಕಾದುದು ಉಳಿದ 165ರಲ್ಲಿ ಮೂವತ್ತು ಮನೆಯವರು ತಲಾ ಒಮ್ಮೆ, ಒಬ್ಬರಿಗೆ ಮನಸ್ಸಿಟ್ಟು ಒಳ್ಳೆಯ ಮಾತು ಹೇಳುವುದು. ಅವರು ಯಾಕೆ ಹೇಳುತ್ತಿಲ್ಲ ಎಂಬುದನ್ನು ತಿಳಿಯಲು ಕೇಳುವುದೊಂದೇ ದಾರಿ.

ಕೇಳುವ ಕಾಲ ಆಗಸ್ಟ್ ಮತ್ತು ಸೆಪ್ಟೆಂಬರ್. ಮಳೆಗಾಲದ ತೊಂದರೆಗಳು ಆಗ ನೆನಪಿನಲ್ಲಿ ಹಸಿಯಾಗಿರುತ್ತವೆ, ಸರಿಪಡಿಸಲೂ ಸಮಯವಿರುತ್ತದೆ. ಶಿಕ್ಷಕ ರಕ್ಷಕ ಸಂಘದ ಸಭೆಯಲ್ಲಿ ಕೇಳಬೇಡಿ. ಅಲ್ಲಿ ನಾಲ್ಕು ಜನ ಮಾತಾಡುತ್ತಾರೆ, ಉಳಿದವರು ಗಡಿಯಾರ ನೋಡುತ್ತಾರೆ. ತರಗತಿ ಶಿಕ್ಷಕಿಯಿಂದಲೂ ಕೇಳಿಸಬೇಡಿ. ನಾಳೆ ಮಗುವನ್ನು ಅವರ ಕೈಗೇ ಕೊಡಬೇಕಾದ ತಾಯಿ ಅವರ ಎದುರು ಕೊರತೆ ಹೇಳುವುದಿಲ್ಲ. ಕಚೇರಿಯ ಹಿರಿಯರೊಬ್ಬರು ಅಥವಾ ನಿವೃತ್ತರಾದ ಶಿಕ್ಷಕಿಯೊಬ್ಬರು ಫೋನ್ ಮಾಡಲಿ. ಒಂದು ಮನೆಗೆ ಎಂಟು ನಿಮಿಷ ಹಿಡಿದರೂ 180 ಮನೆಗೆ 24 ತಾಸು. ಇಬ್ಬರು ದಿನಕ್ಕೆ ಒಂದೊಂದು ತಾಸು ಕುಳಿತರೆ ಎರಡು ವಾರದ ಕೆಲಸ. ಮನೆಮಾತು ತುಳುವಾದರೆ ತುಳುವಿನಲ್ಲಿ, ಕೊಂಕಣಿಯಾದರೆ ಕೊಂಕಣಿಯಲ್ಲಿ, ಬ್ಯಾರಿಯಾದರೆ ಬ್ಯಾರಿಯಲ್ಲಿ ಮಾತಾಡಬೇಕು. ಶಾಲೆಯ ಇಂಗ್ಲಿಷಿನಲ್ಲಿ ಕೇಳಿದರೆ ‘ಎಲ್ಲ ಚೆನ್ನಾಗಿದೆ’ ಎಂಬ ಉತ್ತರ ಬಿಟ್ಟು ಬೇರೇನೂ ಸಿಗುವುದಿಲ್ಲ.

ಕೇಳಬೇಕಾದ ಪ್ರಶ್ನೆಯೂ ‘ಶಾಲೆ ಹೇಗಿದೆ’ ಎಂದಲ್ಲ. ‘ಈ ವರ್ಷ ನಿಮ್ಮನ್ನು ಯಾರಾದರೂ ನಮ್ಮ ಶಾಲೆಯ ಬಗ್ಗೆ ಕೇಳಿದರೇ? ನೀವು ಏನೆಂದಿರಿ?’ ಎಂದು ಕೇಳಿ ಸುಮ್ಮನಾಗಬೇಕು. ಆ ಮೌನ ಮುಖ್ಯ. ನಾವು ತಡೆಯಲಾರದೆ ನಡುವೆ ಬಾಯಿ ಹಾಕಿದರೆ ಅವರು ಹೇಳಬೇಕೆಂದಿದ್ದುದು ಗಂಟಲಲ್ಲೇ ಉಳಿಯುತ್ತದೆ.

ನಮ್ಮ ಉದಾಹರಣೆಯಲ್ಲಿ ಆ 165ರಲ್ಲಿ 140 ಮನೆಯವರು ಮಾತಿಗೆ ಸಿಕ್ಕರು ಎನ್ನೋಣ. ಐವತ್ತು ಮನೆಯವರನ್ನು ಯಾರೂ ಕೇಳಿಯೇ ಇಲ್ಲ. ಇವರ ವಿಷಯದಲ್ಲಿ ಮಾಡುವುದಕ್ಕೆ ಹೆಚ್ಚೇನಿಲ್ಲ. ಇಪ್ಪತ್ತೆರಡು ಮನೆಯವರು ಕೆಟ್ಟದ್ದನ್ನೇ ಹೇಳಿದ್ದಾರೆ. ಇವರ ದೂರನ್ನು ಕೇಳಬೇಕು, ಆದರೆ ಇವರಿಂದ ಈ ಹಂಗಾಮಿನಲ್ಲಿ ಹೊಗಳಿಕೆ ನಿರೀಕ್ಷಿಸುವುದು ಬೇಡ. ನಡುವೆ ಉಳಿದ ಅರವತ್ತೆಂಟು ಮನೆಯವರು ‘ಪರವಾಗಿಲ್ಲ ಎಂದೆ’ ಎನ್ನುತ್ತಾರೆ. ನಮಗೆ ಬೇಕಾದ ಮೂವತ್ತು ಮನೆಗಳು ಇರುವುದು ಇಲ್ಲಿ. ಇವರಿಗೆ ಶಾಲೆಯ ಮೇಲೆ ಸಿಟ್ಟಿಲ್ಲ. ಒಳ್ಳೆಯದನ್ನು ಹೇಳಲು ಹೊರಟಾಗ ಒಂದು ಸಣ್ಣ ಮುಳ್ಳು ತಡೆಯುತ್ತದೆ, ಅಷ್ಟೆ.

ಮುಳ್ಳು ಯಾವುದೆಂದು ಅವರ ಮಾತಿನಲ್ಲೇ ಇರುತ್ತದೆ. ಇಂಥ ಮಾತುಗಳನ್ನು ವಿಂಗಡಿಸಿದಾಗೆಲ್ಲ ಮೇಲೆ ಬಂದುದು ಪಾಠವಲ್ಲ, ವ್ಯಾನು ಮತ್ತು ದುಡ್ಡು. ಈ ಶಾಲೆಯ ಅರವತ್ತೆಂಟರಲ್ಲಿ 31 ಮನೆಯವರು ವ್ಯಾನಿನ ಮಾತೆತ್ತಿದರು, 19 ಮನೆಯವರು ಶುಲ್ಕದ್ದು ಎಂದಿಟ್ಟುಕೊಳ್ಳಿ.

ಶಿರ್ವ ರಸ್ತೆಯ ವ್ಯಾನು

ವ್ಯಾನಿನ ದೂರುಗಳನ್ನು ನಿಲ್ದಾಣದ ಪ್ರಕಾರ ಜೋಡಿಸಿದರೆ ಹೆಚ್ಚಿನವು ಒಂದೇ ದಾರಿಯವು ಎಂದು ತಿಳಿಯುತ್ತದೆ. ಕಟಪಾಡಿಯಿಂದ ಶಿರ್ವದ ಕಡೆಗೆ ಹೋಗುವ ವ್ಯಾನು ಎನ್ನಿ. ಜುಲೈ ತಿಂಗಳ ಬೆಳಿಗ್ಗೆ ಏಳು ಐವತ್ತಕ್ಕೆ ಅಲ್ಲಿನ ಒಂದು ತಿರುವಿನಲ್ಲಿ ನಿಂತು ನೋಡಿ. ರಬ್ಬರ್ ಚಪ್ಪಲಿ ಹಾಕಿಕೊಂಡ ನಾಲ್ವರು ತಾಯಂದಿರು, ಒಬ್ಬಳು ಅಜ್ಜಿ. ಕೊಡೆ ಗಾಳಿಗೆ ಮಗುಚುತ್ತದೆ. ವ್ಯಾನು ಬರಬೇಕಾದ ಸಮಯ ದಾಟಿ ಹತ್ತು ನಿಮಿಷವಾಯಿತು. ಚಾಲಕ ಗಾಡಿ ಓಡಿಸುತ್ತಿದ್ದಾನೆ, ಫೋನ್ ಎತ್ತುವುದಿಲ್ಲ, ಎತ್ತಲೂಬಾರದು. ಶಾಲೆಯ ಕಚೇರಿ ತೆರೆಯುವುದು ಎಂಟೂವರೆಗೆ. ಜಿಲ್ಲಾಧಿಕಾರಿಗಳು ಮಳೆಗೆ ರಜೆ ಕೊಟ್ಟಿರಬಹುದೇ ಎಂಬ ಅನುಮಾನ ಬೇರೆ. ನಾಲ್ವರೂ ಏನು ಮಾತಾಡುತ್ತಾರೆ? ಶಾಲೆಯನ್ನೇ.

ಆ ನಾಲ್ವರಲ್ಲಿ ಒಬ್ಬಳ ಸೊಂಟದ ಮೇಲೆ ಮೂರು ವರ್ಷದ ಇನ್ನೊಂದು ಮಗುವಿದೆ. ಎದುರು ಮನೆಯ ಜಗಲಿಯಲ್ಲಿ ನಿಂತವಳ ಕೈಯಲ್ಲೂ ಒಂದು. ಮುಂದಿನ ಜೂನ್‌ನ ಎಲ್‌ಕೆಜಿ ಅಲ್ಲಿಯೇ ನಿಂತಿದೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದೆ. ಪ್ರಚಾರ ನಡೆಯುವ ನಿಜವಾದ ಸ್ಥಳ ಇದು ಮತ್ತು ಅದು ಜುಲೈನಲ್ಲೇ ನಡೆದು ಮುಗಿದಿರುತ್ತದೆ. ನಾವು ಏಪ್ರಿಲ್‌ನಲ್ಲಿ ಕರಪತ್ರ ಹಂಚುತ್ತೇವೆ.

ಇಲ್ಲಿ ಮಾಡಬೇಕಾದುದು ದೊಡ್ಡದೇನಲ್ಲ. ಬೆಳಿಗ್ಗೆ ಏಳೂಕಾಲಿಂದ ಎತ್ತುವ ಒಂದು ಫೋನ್ ಸಂಖ್ಯೆ ಮತ್ತು ಅದನ್ನು ಎತ್ತಲು ಒಬ್ಬರು. ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಐದು ನಿಮಿಷಕ್ಕಿಂತ ಹೆಚ್ಚು ತಡವಾದರೆ ಆ ದಾರಿಯ ಗುಂಪಿಗೆ ಒಂದು ಧ್ವನಿ ಸಂದೇಶ ಕಳುಹಿಸಬೇಕು, ‘ಬಂಟಕಲ್ಲಿನಲ್ಲಿದ್ದೇವೆ, ಹತ್ತು ನಿಮಿಷ’ ಎಂದು. ಟೈಪು ಮಾಡಲು ಅವಳಿಗೆ ಪುರುಸೊತ್ತಿಲ್ಲ, ಧ್ವನಿಯಾದರೆ ಕೆಲಸ ಸುಲಭ. ತಾಯಂದಿರಿಗೆ ತಡವಾದುದಕ್ಕಿಂತ ಏನೂ ತಿಳಿಯದೆ ಮಳೆಯಲ್ಲಿ ನಿಂತದ್ದು ನೋವು. ಎರಡು ಫ್ಲೆಕ್ಸಿನ ದುಡ್ಡನ್ನು ಆಯಾಳ ಸಂಬಳಕ್ಕೆ ಸೇರಿಸಿ ಎಂದು ಆಡಳಿತ ಮಂಡಳಿಗೆ ಹೇಳಿದಾಗ ಮುಖ ಗಂಟಿಕ್ಕುತ್ತಾರೆ, ಏಕೆಂದರೆ ಫ್ಲೆಕ್ಸಿನಲ್ಲಿ ಅವರ ಫೋಟೋ ಇರುತ್ತದೆ.

ಮುಖ್ಯವಾದ ಹೆಜ್ಜೆ ಇದಾದ ಮೇಲಿನದು. ದೂರು ಹೇಳಿದ ಆ 31 ಮನೆಗೂ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಫೋನ್ ಹೋಗಬೇಕು. ‘ನೀವು ಆಗಸ್ಟಿನಲ್ಲಿ ವ್ಯಾನಿನ ವಿಷಯ ಹೇಳಿದ್ದಿರಿ, ಇಂಥದ್ದು ಮಾಡಿದ್ದೇವೆ, ಈಗ ಹೇಗಿದೆ?’ ಹೊಸ ಊಟದ ಕೋಣೆ ಕಟ್ಟಿಸಿದ್ದನ್ನು ಜನ ಮರೆಯುತ್ತಾರೆ, ಹೇಳಿದ ಮಾತು ಕೇಳಿ ಮರಳಿ ಫೋನ್ ಮಾಡಿದ್ದನ್ನು ಮರೆಯುವುದಿಲ್ಲ. ‘ಪರವಾಗಿಲ್ಲ’ ಎನ್ನುತ್ತಿದ್ದ ಮನೆಯಲ್ಲಿ ಈಗ ಹೇಳಲು ಒಂದು ಕತೆ ಇದೆ: ‘ನಾನು ಹೇಳಿದ್ದೆ, ಸರಿ ಮಾಡಿದರು.’ ಬಾಯಿಂದ ಬಾಯಿಗೆ ಹೋಗುವುದು ಇಂಥ ಕತೆಯೇ.

ಮಾಡಲಾಗದ್ದನ್ನು ಆಗದು ಎಂದು ಹೇಳಿ. ಹೊಸ ದಾರಿಗೆ ವ್ಯಾನು ಬಿಡಲು ಮಕ್ಕಳು ಸಾಲದಿದ್ದರೆ ‘ನೋಡೋಣ’ ಎನ್ನಬಾರದು. ನಮ್ಮಲ್ಲಿ ‘ನೋಡೋಣ’ ಎಂದರೆ ಏನೆಂದು ಮೂರು ವರ್ಷದ ಮಗುವಿಗೂ ಗೊತ್ತು.

ಶುಲ್ಕದ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಆ 19 ಮನೆಯವರ ದೂರು ಶುಲ್ಕ ಹೆಚ್ಚಾಯಿತು ಎಂದಲ್ಲ, ಹೇಳದೆ ಬಂದ ಖರ್ಚಿನದು. ವಾರ್ಷಿಕೋತ್ಸವದ ನೃತ್ಯದ ಉಡುಪು, ಪ್ರವಾಸ, ಕ್ರೀಡಾಕೂಟದ ಬಣ್ಣದ ಅಂಗಿ. ಒಂದು ಹಾಳೆಯಲ್ಲಿ ಜೂನ್‌ನಿಂದ ಮಾರ್ಚ್‌ವರೆಗೆ ಯಾವ ತಿಂಗಳು ಎಷ್ಟು ಎಂದು ಬರೆದು, ಉಡುಪಿನ ಖರ್ಚಿಗೂ ಮೇಲ್ಮಿತಿ ಹಾಕಿ, ವಿಚಾರಿಸಲು ಬಂದವರಿಗೆ ಅರ್ಜಿ ನಮೂನೆಗಿಂತ ಮೊದಲು ಆ ಹಾಳೆಯನ್ನೇ ಕೊಡಿ. ದುಬೈಯಲ್ಲೋ ಮುಂಬಯಿಯಲ್ಲೋ ಇರುವ ತಂದೆ ಆ ಹಾಳೆಯ ಫೋಟೋವನ್ನು ವಾಟ್ಸ್ಆ್ಯಪಿನಲ್ಲಿ ನೋಡಿಯೇ ತೀರ್ಮಾನ ಮಾಡುತ್ತಾನೆ, ಆದ್ದರಿಂದ ಫೋಟೋದಲ್ಲಿ ಓದಲಾಗುವಷ್ಟು ದಪ್ಪ ಅಕ್ಷರವಿರಲಿ.

ಡಿಸೆಂಬರಿನ ಬುಧವಾರಗಳು

ಮುಳ್ಳು ತೆಗೆದಾಯಿತು. ಇನ್ನು ಮಾತು ಹರಿಯಲು ಜಾಗ ಬೇಕು. ನವೆಂಬರಿನಿಂದ ಜನವರಿಯವರೆಗೆ ಮನೆಗಳಲ್ಲಿ ಶಾಲೆಯ ಚರ್ಚೆ ನಡೆಯುತ್ತದೆ. ಆ ಸಮಯದಲ್ಲಿ ಶಾಲೆಗಳು ವಾರ್ಷಿಕೋತ್ಸವಕ್ಕೆ ಹೊಸ ಮನೆಯವರನ್ನು ಕರೆಯುತ್ತವೆ. ಬಣ್ಣದ ದೀಪ, ಧ್ವನಿವರ್ಧಕ, ಅತಿಥಿಗಳ ಭಾಷಣ. ಅದನ್ನು ನೋಡಿ ಮಗು ದಿನಾಲೂ ಏನು ಅನುಭವಿಸುತ್ತದೆ ಎಂದು ಯಾರಿಗೆ ತಿಳಿಯುತ್ತದೆ?

ಬದಲಿಗೆ ಒಂದು ಸಾಮಾನ್ಯ ದಿನಕ್ಕೆ ಕರೆಯಿರಿ. ಪ್ರತಿ ಬುಧವಾರ ಒಂಬತ್ತೂವರೆಯಿಂದ ಹತ್ತೂವರೆ, ಒಂದು ಸಲಕ್ಕೆ ಐದೇ ಮನೆ. ನಡೆಯುತ್ತಿರುವ ಎಲ್‌ಕೆಜಿ ತರಗತಿಯ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲಲಿ. ಶೌಚಾಲಯವನ್ನು ತೋರಿಸಿ, ಅವರೇ ಕೇಳುವವರೆಗೆ ಕಾಯಬೇಡಿ. ಶೌಚಾಲಯ ತೋರಿಸಲು ನಾಚಿಕೆಯಾಗುವ ಶಾಲೆ ಬುಧವಾರಗಳನ್ನು ಇಟ್ಟುಕೊಳ್ಳುವುದೇ ಬೇಡ. ಕೊನೆಯ ಇಪ್ಪತ್ತು ನಿಮಿಷ ಅವರನ್ನು ಒಂದು ಕೋಣೆಯಲ್ಲಿ ಈಗಿನ ಇಬ್ಬರು ತಾಯಂದಿರ ಜತೆ ಚಹಾಕ್ಕೆ ಕೂರಿಸಿ, ಶಾಲೆಯವರೆಲ್ಲ ಹೊರಗೆ ಬನ್ನಿ. ಬಾಗಿಲು ಮುಚ್ಚಿ. ಮುಖ್ಯೋಪಾಧ್ಯಾಯಿನಿ ‘ಏನಾದರೂ ಬೇಕೇ’ ಎಂದು ಇಣುಕಿದರೂ ಆ ಇಪ್ಪತ್ತು ನಿಮಿಷ ಹಾಳು.

ಆ ಇಬ್ಬರು ತಾಯಂದಿರು ಯಾರು ಎಂಬುದರಲ್ಲಿ ಎಲ್ಲ ಇದೆ. ಶಿಕ್ಷಕ ರಕ್ಷಕ ಸಂಘದ ಅಧ್ಯಕ್ಷರನ್ನು ಕೂರಿಸಿದರೆ ಭಾಷಣ ಆಗುತ್ತದೆ. ಶಾಲೆಯಲ್ಲಿ ಒಮ್ಮೆ ತೊಂದರೆಪಟ್ಟು, ಅದು ಸರಿಹೋದದ್ದನ್ನು ಕಂಡವರನ್ನು ಕೂರಿಸಿ. ಮೊದಲ ಮೂರು ವಾರ ಮಗು ಅತ್ತು ಅತ್ತು ಕಂಗಾಲಾಗಿದ್ದ ತಾಯಿ ಒಬ್ಬಳು, ಶಿರ್ವ ರಸ್ತೆಯ ವ್ಯಾನಿನವಳು ಇನ್ನೊಬ್ಬಳು. ಅವರಿಗೆ ಏನು ಹೇಳಬೇಕೆಂದು ಕಲಿಸಬೇಡಿ. ಅವರು ಒಂದು ಕೊರತೆಯನ್ನೂ ಹೇಳುತ್ತಾರೆ, ಹೇಳಲಿ. ‘ಊಟದ ಬಿಡುವು ಸ್ವಲ್ಪ ಕಡಿಮೆ’ ಎಂದು ಒಬ್ಬಳು ಹೇಳಿದ ಮೇಲೆಯೇ ಅವಳ ಉಳಿದ ಮಾತುಗಳನ್ನು ಕೇಳುವವರು ನಂಬುತ್ತಾರೆ. ಮತ್ತೆ ಮತ್ತೆ ಅದೇ ಇಬ್ಬರನ್ನು ಕರೆದರೆ ಅವರೂ ಶಾಲೆಯ ನೌಕರರಂತೆ ಮಾತಾಡತೊಡಗುತ್ತಾರೆ, ಆದ್ದರಿಂದ ಒಬ್ಬರನ್ನು ಎರಡು ಸಲಕ್ಕಿಂತ ಹೆಚ್ಚು ಕೂರಿಸುವುದು ಬೇಡ.

ಇಲ್ಲಿ ನಾನೇ ಮಾಡಿಸಿದ ಒಂದು ತಪ್ಪನ್ನು ಹೇಳಬೇಕು. ಶಾಲೆಯ ಹೆಸರು ಬೇಡ. ಒಂದು ಏಪ್ರಿಲ್‌ನಲ್ಲಿ ನಾವು ಚಂದದ ಪೋಸ್ಟರ್ ಮಾಡಿಸಿ, ತರಗತಿ ಗುಂಪುಗಳಿಗೆಲ್ಲ ಹಾಕಿ, ‘ದಯವಿಟ್ಟು ಎಲ್ಲ ಪೋಷಕರೂ ಸ್ಟೇಟಸ್ ಹಾಕಿ’ ಎಂದು ಕೇಳಿಕೊಂಡೆವು. ಹಾಕಿದರು, ಪಾಪ, ಟೀಚರ್ ನೋಡುತ್ತಾರೆ ಎಂದು. ಮರುದಿನ ಇಡೀ ಊರಿನ ಫೋನುಗಳಲ್ಲಿ ಒಂದೇ ಚಿತ್ರ. ಅದನ್ನು ನೋಡಿ ವಿಚಾರಿಸಲು ಬಂದವರು ಯಾರೂ ಇಲ್ಲ. ಒಂದು ವಾರದ ನಂತರ ಒಬ್ಬ ತಾಯಿ ಕಚೇರಿಗೆ ಬಂದು ‘ನಮ್ಮ ಅತ್ತಿಗೆ ಕೇಳಿದಳು, ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿದ್ದಾರಾ ಎಂದು’ ಎಂದರು. ನಮ್ಮ ಪೋಸ್ಟರಿಗಿಂತ ಬೇಗ ಊರು ಸುತ್ತಿದ್ದು ಆ ಅನುಮಾನ.

ಇದಕ್ಕಿಂತ ಕೆಟ್ಟದ್ದು ಕಮಿಷನ್. ‘ಒಂದು ಮಗುವನ್ನು ಕರೆತಂದರೆ ನಿಮ್ಮ ಶುಲ್ಕದಲ್ಲಿ ಎರಡು ಸಾವಿರ ಕಡಿತ’ ಎಂಬ ಯೋಜನೆ ಕೆಲವೆಡೆ ಇದೆ. ಮೊದಲ ವರ್ಷ ಒಂದಿಷ್ಟು ಮಕ್ಕಳು ಬರುತ್ತಾರೆ ಕೂಡ. ಆದರೆ ಸೇರಿದ ತಾಯಿಗೆ ಜುಲೈನಲ್ಲಿ ವ್ಯಾನಿನ ನಿಲ್ದಾಣದಲ್ಲಿ ವಿಷಯ ತಿಳಿಯುತ್ತದೆ. ಆಗ ಹಾಳಾಗುವುದು ಒಬ್ಬರ ಮಾತು ಮಾತ್ರವಲ್ಲ, ಆ ದಾರಿಯಲ್ಲಿ ಶಾಲೆಯನ್ನು ನಿಜವಾಗಿ ಮೆಚ್ಚಿಕೊಂಡವರ ಮಾತೂ ‘ಎಷ್ಟು ಸಿಗುತ್ತದಂತೆ?’ ಎಂಬ ಪ್ರಶ್ನೆಗೆ ಗುರಿಯಾಗುತ್ತದೆ. ಕಾನೂನಿನ ಮಾತೂ ಇದೆ. ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿ, ಜಾಹೀರಾತಿನಲ್ಲಿ ಮೆಚ್ಚುಗೆ ಹೇಳುವವರಿಗೆ ಆ ಸಂಸ್ಥೆಯೊಂದಿಗೆ ಲಾಭದ ನಂಟಿದ್ದರೆ ಅದನ್ನು ಬಹಿರಂಗಪಡಿಸಬೇಕು ಎನ್ನುತ್ತದೆ. ದುಡ್ಡು ಪಡೆದ ಪೋಷಕರ ವೀಡಿಯೊವನ್ನು ಸುಮ್ಮನೆ ಹರಿಬಿಡುವಂತಿಲ್ಲ. ಒಂದೇ ಮನೆಯ ಎರಡನೇ ಮಗುವಿಗೆ ಕೊಡುವ ರಿಯಾಯಿತಿ ಬೇರೆ ವಿಷಯ, ಅದು ಶುಲ್ಕದ ಹಾಳೆಯಲ್ಲೇ ಎಲ್ಲರಿಗೂ ಕಾಣುವಂತೆ ಇರುತ್ತದೆ. ಮಕ್ಕಳ ಫೋಟೋ ಹಾಕುವಾಗಲೂ ಹೆತ್ತವರ ಲಿಖಿತ ಒಪ್ಪಿಗೆ ಇಟ್ಟುಕೊಳ್ಳಿ. 2023ರ ದತ್ತಾಂಶ ರಕ್ಷಣಾ ಕಾಯಿದೆ ಹದಿನೆಂಟು ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ.

ಬೇಡ ಎಂದು ಕಳುಹಿಸಿದವರು

ಹಂಗಾಮಿನ ಕೊನೆಯಲ್ಲಿ, ಸೀಟು ಇನ್ನೂ ಖಾಲಿ ಇದ್ದಾಗ, ಶಾಲೆಯ ಮಾತು ಪರೀಕ್ಷೆಗೆ ಬರುತ್ತದೆ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ಆದೇಶವನ್ನು ಸರಕಾರ 2022ರಲ್ಲಿ ಹೊರಡಿಸಿತು, ಜಾರಿಯನ್ನು 2025-26ಕ್ಕೆ ಮುಂದೂಡಿತು, ಆ ವರ್ಷವೂ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಈ ಗೊಂದಲದಲ್ಲಿ ಎಲ್‌ಕೆಜಿಗೆ ಬರುವ ಪ್ರತಿ ತಾಯಿಯ ಮೊದಲ ಪ್ರಶ್ನೆ ವಯಸ್ಸಿನದು. ಎಲ್‌ಕೆಜಿ, ಯುಕೆಜಿ ಎರಡು ವರ್ಷ ಮುಗಿದಾಗ ಆರು ತುಂಬಬೇಕಾದರೆ ಈಗ ನಾಲ್ಕು ತುಂಬಿರಬೇಕು.

ಮಗು ಹುಟ್ಟಿದ್ದು ಜೂನ್ 12ರಂದು ಎನ್ನಿ. ಹನ್ನೊಂದು ದಿನ ಕಡಿಮೆ. ‘ಸೇರಿಸಿ, ಆಮೇಲೆ ನೋಡಿಕೊಳ್ಳೋಣ’ ಎನ್ನುವ ಕಚೇರಿಗಳಿವೆ. ಎರಡು ವರ್ಷದ ನಂತರ ಒಂದನೇ ತರಗತಿಯ ಬಾಗಿಲಲ್ಲಿ ಆ ಮಗು ನಿಲ್ಲಬೇಕಾಗುತ್ತದೆ. ಆಗ ಇಡೀ ಬೀದಿಗೆ ಕೇಳುವ ಮಾತು ಯಾವುದೆಂದು ಊಹಿಸಬಹುದು. ಆ ವರ್ಷದ ಸುತ್ತೋಲೆಯನ್ನು ಕಿಟಕಿಯ ಪಕ್ಕ ಅಂಟಿಸಿ, ಜನನ ಪ್ರಮಾಣಪತ್ರ ನೋಡಿ, ‘ಈ ವರ್ಷ ಅಂಗನವಾಡಿಗೋ ಬಾಲವಾಡಿಗೋ ಹೋಗಲಿ ಅಮ್ಮ, ಮುಂದಿನ ವರ್ಷ ಬನ್ನಿ’ ಎಂದು ಹೇಳಿ ಹೆಸರು ಬರೆದಿಟ್ಟುಕೊಳ್ಳಿ, ಜನವರಿಯಲ್ಲಿ ನೀವೇ ಫೋನ್ ಮಾಡಿ. ಖಾಲಿ ಸೀಟು ಇಟ್ಟುಕೊಂಡೇ ಬೇಡ ಎಂದ ಶಾಲೆಯ ಬಗ್ಗೆ ಆ ತಾಯಿ ಆಡುವ ಮಾತನ್ನು ದುಡ್ಡು ಕೊಟ್ಟು ಬರೆಸಲಾಗದು. ಅದೇ ರೀತಿ, ಒಂದನೇ ತರಗತಿಗೆ ಮಗುವಿಗಾಗಲೀ ಹೆತ್ತವರಿಗಾಗಲೀ ಪರೀಕ್ಷೆ, ಸಂದರ್ಶನ ಇಡುವುದನ್ನೂ ಡೊನೇಷನ್ ಕೇಳುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೇ ಕಲಮು ನಿಷೇಧಿಸುತ್ತದೆ. ‘ಮಾತಾಡಿಸಿ ನೋಡುತ್ತೇವೆ’ ಎಂದು ಹೆಸರು ಬದಲಿಸಿದರೂ ಜನರಿಗೆ ಅರ್ಥವಾಗುತ್ತದೆ.

ಇಷ್ಟೆಲ್ಲ ಮಾಡಿದರೆ ಅರವತ್ತೂ ತುಂಬುತ್ತವೆಯೇ? ಕಾಗದದ ಮೇಲೆ ಹಾಕಿ ನೋಡೋಣ. ಪೋಷಕರ ಮಾತಿನಿಂದ ಬರುವ ವಿಚಾರಣೆ 34ರಿಂದ 64ಕ್ಕೆ ಏರಿದರೆ, ನೂರಕ್ಕೆ ನಲವತ್ತೈದರ ಲೆಕ್ಕದಲ್ಲಿ 29 ಮಕ್ಕಳು. ಫ್ಲೆಕ್ಸನ್ನು ಅರ್ಧಕ್ಕಿಳಿಸಿದ್ದರಿಂದ ಆ ದಾರಿಯಲ್ಲಿ ನಾಲ್ಕೈದು. ಇತರ ದಾರಿಗಳಿಂದ ನಾಲ್ಕು, ಮನೆಯ ತಮ್ಮ ತಂಗಿಯರು ಹದಿನಾಲ್ಕು. ಒಟ್ಟು ಸುಮಾರು 52. ಎಂಟು ಸೀಟು ಮತ್ತೆ ಖಾಲಿ. ಮೊದಲ ವರ್ಷ ಅರವತ್ತು ತುಂಬಿಸಿಕೊಡುತ್ತೇನೆ ಎನ್ನುವವರು ಫ್ಲೆಕ್ಸ್ ಮಾರುವವರು.

ಯೋಜನೆ ಹಳಿಯ ಮೇಲಿದೆಯೇ ಎಂದು ಜೂನ್‌ವರೆಗೆ ಕಾಯದೆ ತಿಳಿಯಬಹುದು. ಡಿಸೆಂಬರ್ ಕೊನೆಗೆ ವಿಚಾರಣಾ ಪುಸ್ತಕದಲ್ಲಿ ‘ಯಾರನ್ನು ಕೇಳಿದಿರಿ’ ಎಂಬಲ್ಲಿ ಕಳೆದ ವರ್ಷ ಇಲ್ಲದ ಮನೆಗಳ ಹೆಸರು ಹತ್ತಾದರೂ ಬಂದಿರಬೇಕು. ಅದೇ ಹದಿನೈದು ಮನೆಗಳೇ ಮರಳಿ ಬರುತ್ತಿದ್ದರೆ ಅಕ್ಟೋಬರಿನ ಫೋನ್ ಸರಿಯಾಗಿ ಆಗಿಲ್ಲ. ಹೆಸರುಗಳು ಬಂದಿವೆ, ಆದರೆ ಬುಧವಾರ ನೋಡಿ ಹೋದವರು ಅರ್ಜಿ ತೆಗೆದುಕೊಳ್ಳುತ್ತಿಲ್ಲ ಎಂದಾದರೆ, ಕೇಳಿದ್ದಕ್ಕೂ ಕಂಡದ್ದಕ್ಕೂ ತಾಳೆಯಾಗಿಲ್ಲ. ಅರ್ಜಿ ತೆಗೆದುಕೊಂಡು ಶುಲ್ಕ ಕಟ್ಟದಿದ್ದರೆ ಹಾಳೆಯನ್ನು ಮತ್ತೊಮ್ಮೆ ಓದಿ, ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ. ಇವೆಲ್ಲಕ್ಕಿಂತ ನಾನು ಮೊದಲು ನೋಡುವುದು ಏಪ್ರಿಲ್‌ನಲ್ಲಿ ಟಿಸಿ ಕೇಳಲು ಬರುವವರ ಸಂಖ್ಯೆಯನ್ನು. ಮುಂದಿನ ಬಾಗಿಲಿನಿಂದ ಎಂಟು ಮಕ್ಕಳು ಹೆಚ್ಚಾಗಿ ಬಂದು, ಹಿಂದಿನ ಬಾಗಿಲಿನಿಂದ ಒಂದನೇ ತರಗತಿಗೆ ಮೊದಲೇ ಹತ್ತು ಮಕ್ಕಳು ಹೊರಟರೆ ವಿಚಾರಣಾ ಪುಸ್ತಕದ ಲೆಕ್ಕ ಚಂದವಾಗಿಯೇ ಕಾಣುತ್ತದೆ. ಟಿಸಿ ಕೇಳುವವರಿಗೂ ಒಂದು ಕುರ್ಚಿ ಕೊಟ್ಟು, ಯಾಕೆಂದು ಕೇಳಿ, ಅವರ ಮಾತಿನಲ್ಲೇ ಬರೆದಿಡಬೇಕು. ಅವರ ಹತ್ತಿರ ಈಗ ಮುಚ್ಚಿಡಲು ಏನೂ ಇರುವುದಿಲ್ಲ.

ಹೀಗೆ ಮಕ್ಕಳನ್ನು ಸೇರಿಸಿದ ಆ 52 ಮನೆಗಳಿಗೆ ಜೂನ್ ಮೂರನೇ ವಾರ, ಮಕ್ಕಳ ಅಳು ನಿಂತು ಮಳೆ ಜೋರಾಗುವ ಹೊತ್ತಿಗೆ, ಮೊದಲ ಫೋನ್ ಹೋಗಬೇಕು. ಅವರನ್ನು ಆಗಲೇ ಯಾರೋ ಕೇಳುತ್ತಿರುತ್ತಾರೆ.